ಮೂರು ಪೋಲರಾಯ್ಡ್ ಹಾಳೆ, ಒಂದು ಟಾರ್ಚು, ಆಲೂಗೆಡ್ಡೆಯ ಪ್ರಶ್ನೆ

ಹಾಸನದ ಒಂದು ಪಿಯು ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಮಾಡುತ್ತೇನೆ. ಕ್ವಾಂಟಂ ಸೂಪರ್‌ಪೊಸಿಷನ್ ಎಂಬುದು, ಅಂದರೆ ಕಣದ ಒಂದು ಸ್ಥಿತಿಯನ್ನು ಬೇರೆ ಸ್ಥಿತಿಗಳ ಕೂಡಿಕೆಯಾಗಿ ಬರೆಯುವುದು, ನಮ್ಮ ಪಠ್ಯದಲ್ಲಿ ಹೆಚ್ಚೇನೂ ಇಲ್ಲ. ಆದರೂ ಪ್ರತಿ ವರ್ಷ ಯಾರಾದರೂ ಕೇಳೇ ಕೇಳುತ್ತಾರೆ. ಮೊಬೈಲಿನಲ್ಲಿ ಏನೋ ನೋಡಿರುತ್ತಾರೆ. ನಾನು ಬಹಳ ಕಾಲ ತಿರುಗುವ ನಾಣ್ಯದ ಕಥೆ ಹೇಳಿ ಜಾರಿಕೊಳ್ಳುತ್ತಿದ್ದೆ. 'ತಿರುಗುವಾಗ ಎರಡೂ ಮುಖ, ಅಂಗೈಯಿಂದ ಮುಚ್ಚಿ ತೆಗೆದರೆ ಒಂದೇ ಮುಖ.' ಹುಡುಗರು ತಲೆಯಾಡಿಸುತ್ತಿದ್ದರು. ನನಗೂ ಸಮಾಧಾನ.

ಅದನ್ನು ಕೆಡಿಸಿದ್ದು ಆಲೂಗೆಡ್ಡೆ ಬೆಳೆಯುವ ಮನೆಯ ಒಬ್ಬ ಹುಡುಗ. 'ಸರ್, ಅಂಗಮಾರಿ ಬಂದ ಹೊಲದ ಗೆಡ್ಡೆ ಥರ ಅಲ್ವಾ ಇದು? ಕೊಯ್ದು ನೋಡೋ ತನಕ ಒಳಗೆ ಕೊಳೆತಿದೆಯೋ ಇಲ್ವೋ ಗೊತ್ತಾಗಲ್ಲ. ಆದ್ರೆ ಕೊಯ್ಯೋಕೆ ಮೊದ್ಲೇ ಅದು ಕೊಳೆತಿರುತ್ತೆ. ನಮಗೆ ಗೊತ್ತಿಲ್ಲ ಅಷ್ಟೆ. ಇದ್ರಲ್ಲಿ ವಿಚಿತ್ರ ಏನಿದೆ?'

ಸರಿಯಾದ ಪ್ರಶ್ನೆ. ನನ್ನ ನಾಣ್ಯಕ್ಕೆ ಇದಕ್ಕೆ ಉತ್ತರವೇ ಇರಲಿಲ್ಲ. ಯಾಕೆಂದರೆ ನಾಣ್ಯವೂ ಆಲೂಗೆಡ್ಡೆಯ ಜಾತಿಯೇ. ಸೂಪರ್‌ಪೊಸಿಷನ್ ಎಂದರೆ 'ಗೊತ್ತಿಲ್ಲ' ಎನ್ನುವುದಕ್ಕಿಂತ ಬೇರೆ ಏನೋ ಆಗಿದ್ದರೆ, ಎರಡರ ನಡುವಿನ ವ್ಯತ್ಯಾಸ ಮೀಟರಿನಲ್ಲಿ ಕಾಣಬೇಕು. ಕಾಣದಿದ್ದರೆ ಅದು ಬರೀ ಮಾತು. ಅದಕ್ಕೇ ಒಂದು ಭಾನುವಾರ ಮನೆಯಲ್ಲೇ ಕೂತು ಮಾಡಿ ನೋಡಿದೆ.

ಸಾಮಾನು ಜಾಸ್ತಿ ಇಲ್ಲ. ರಿಪೇರಿ ಅಂಗಡಿಯಲ್ಲಿ ಬಿದ್ದಿದ್ದ ಒಡೆದ ಎಲ್‌ಸಿಡಿ ಮಾನಿಟರಿನಿಂದ ಪೋಲರಾಯ್ಡ್ ಹಾಳೆ ಬಿಡಿಸಿಕೊಂಡು ಮೂರು ತುಂಡು ಕತ್ತರಿಸಿದೆ. ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ ಅದು. ಬೆಳಕು ಅಳೆಯಲು ಕೆಟ್ಟ ಗಾರ್ಡನ್ ಲೈಟಿನ ಪುಟ್ಟ ಸೋಲಾರ್ ಸೆಲ್. ಅದರ ಎರಡು ತಂತಿಯನ್ನು ಮಲ್ಟಿಮೀಟರಿನ ಮೈಕ್ರೊಆಂಪಿಯರ್ ರೇಂಜಿಗೆ ಕೊಟ್ಟೆ. ವೋಲ್ಟೇಜ್ ಅಳೆಯಬೇಡಿ. ಬೆಳಕು ಅರ್ಧ ಆದರೂ ಸೆಲ್ಲಿನ ವೋಲ್ಟೇಜ್ ಸ್ವಲ್ಪವೇ ಇಳಿಯುತ್ತದೆ. ಕರೆಂಟ್ ಮಾತ್ರ ಹೆಚ್ಚುಕಡಿಮೆ ಬೆಳಕಿನ ಲೆಕ್ಕಕ್ಕೇ ಇಳಿಯುತ್ತದೆ.

ಹಾಳೆಯ ದಿಕ್ಕು ಗುರುತಿಸಲು ನಮ್ಮ ಹಳೇ ಮನೆಯ ರೆಡ್‌ಆಕ್ಸೈಡ್ ನೆಲ ಸಾಕಾಯಿತು. ಕಿಟಕಿಯ ಬೆಳಕು ನೆಲದ ಮೇಲೆ ಓರೆಯಾಗಿ ಹೊಳೆಯುತ್ತದಲ್ಲ, ಆ ಹೊಳಪಿನಲ್ಲಿ ಅಡ್ಡ ಧ್ರುವೀಕರಣದ, ಅಂದರೆ ಅಡ್ಡ ದಿಕ್ಕಿನಲ್ಲಿ ಕಂಪಿಸುವ ಬೆಳಕೇ ಹೆಚ್ಚು. ಹಾಳೆಯನ್ನು ಕಣ್ಣಿನ ಮುಂದೆ ಹಿಡಿದು ತಿರುಗಿಸಿದೆ. ಹೊಳಪು ಸತ್ತು ನೆಲದ ಕೆಂಪು ಎದ್ದು ಕಂಡಾಗ ಆ ಹಾಳೆ ಲಂಬ ಬೆಳಕನ್ನು ಮಾತ್ರ ಬಿಡುತ್ತಿದೆ ಎಂದರ್ಥ. ಆ ದಿಕ್ಕಿಗೆ ಮಾರ್ಕರಿನಲ್ಲಿ ಬಾಣ ಹಾಕಿ 0 ಡಿಗ್ರಿ ಎಂದು ಬರೆದೆ.

ಮೊದಲ ಸಲ ಎಲ್ಲ ಕೆಟ್ಟಿತು. ಎರಡು ಹಾಳೆಯನ್ನು ಒಂದಕ್ಕೊಂದು ಅಡ್ಡ ಇಟ್ಟರೆ ಕತ್ತಲಾಗಬೇಕು. ಕಣ್ಣಿಗೆ ಕತ್ತಲೆಯೇ. ಮೀಟರಿನಲ್ಲಿ ಮಾತ್ರ ಕರೆಂಟ್ ಧಾರಾಳವಾಗಿ ಹರಿಯುತ್ತಿತ್ತು. ಹಾಳೆಯೇ ಸರಿಯಿಲ್ಲವೇನೋ ಎಂದು ಅರ್ಧ ದಿನ ಕಳೆದೆ. ತಪ್ಪು ಬಲ್ಬಿನದು. ನಾನು ಹಚ್ಚಿದ್ದು ಹಳೇ ಫಿಲಮೆಂಟ್ ಬಲ್ಬು. ಅದರ ಬಹುಪಾಲು ಇನ್‌ಫ್ರಾರೆಡ್. ಈ ಹಾಳೆಗಳು ಇನ್‌ಫ್ರಾರೆಡ್ಡನ್ನು ತಡೆಯುವುದಿಲ್ಲ. ಸಿಲಿಕಾನ್ ಸೆಲ್ಲಿಗೆ ಅದು ಚೆನ್ನಾಗಿಯೇ ಕಾಣುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಬಿಳಿ ಎಲ್‌ಇಡಿ ಟಾರ್ಚಿಗೆ ಬದಲಾಯಿಸಿದೆ, ಮೀಟರ್ 1ಕ್ಕೆ ಇಳಿಯಿತು. ನೀವು ಮಾಡುವುದಾದರೆ ಮೊದಲು ಈ ಕತ್ತಲೆ ಪರೀಕ್ಷೆ ಮಾಡಿ. ಇದು ಪಾಸಾಗದೆ ಮುಂದಿನ ಯಾವ ಅಂಕಿಯನ್ನೂ ನಂಬಬೇಡಿ.

ಈಗ ಅಂಕಿ. ಹಾಳೆ ಇಲ್ಲದೆ 400 ಮೈಕ್ರೊಆಂಪಿಯರ್. ಒಂದು ಹಾಳೆ ಇಟ್ಟರೆ 160. ಹಾಳೆ ಪಕ್ಕಾ ಇದ್ದಿದ್ದರೆ 200 ಬರಬೇಕಿತ್ತು. ಅಂದರೆ ನನ್ನ ಹಾಳೆ ತಾನು ಬಿಡಬೇಕಾದ ಬೆಳಕಿನಲ್ಲೂ ಐದರಲ್ಲಿ ಒಂದು ಪಾಲು ನುಂಗುತ್ತದೆ. ಅದೇ ದಿಕ್ಕಿಗೆ ಇನ್ನೊಂದು ಹಾಳೆ ಸೇರಿಸಿದಾಗ 128. ಅದೇ ಲೆಕ್ಕ. ಇಲ್ಲಿಂದ ಮುಂದೆ 128 ಎಂದರೆ 'ಎಲ್ಲ ದಾಟಿತು', 64 ಎಂದರೆ 'ಅರ್ಧ ದಾಟಿತು', 1 ಎಂದರೆ 'ಏನೂ ದಾಟಲಿಲ್ಲ'.

ಮೊದಲ ಹಾಳೆಯನ್ನು 45 ಡಿಗ್ರಿಗೆ ಓರೆ ಮಾಡಿದೆ. ಅದರಿಂದ ಹೊರಬರುವುದು ಓರೆ ಬೆಳಕು. ಎರಡನೇ ಹಾಳೆ ಲಂಬ ಇಟ್ಟರೆ 64. ಅಡ್ಡ ಇಟ್ಟರೂ 64. ಅರ್ಧ ಆ ಕಡೆ, ಅರ್ಧ ಈ ಕಡೆ. ಇಲ್ಲಿಯ ತನಕ ಹುಡುಗನ ಆಲೂಗೆಡ್ಡೆಗೆ ಯಾವ ತೊಂದರೆಯೂ ಇಲ್ಲ. ಬೆಳಕಿನ ಕಣಕ್ಕೆ ಫೋಟಾನು ಎನ್ನುತ್ತಾರೆ. 'ಓರೆ ಬೆಳಕೆಂದರೆ ಅರ್ಧ ಲಂಬ ಫೋಟಾನು, ಅರ್ಧ ಅಡ್ಡ ಫೋಟಾನು ಬೆರೆತ ಮೂಟೆ' ಎಂದು ಅವನು ಹೇಳಬಹುದು.

ಮುಂದಿನ ಹೆಜ್ಜೆಯೇ ಮುಖ್ಯ. ಮೂಟೆಯಲ್ಲಿ ನಿಜವಾಗಿ ಲಂಬ ಫೋಟಾನೇ ಇದ್ದರೆ ಅದು 45ರ ಹಾಳೆಯ ಮುಂದೆ ಏನು ಮಾಡುತ್ತದೆ? ಬೇರೆಯಾಗಿ ನೋಡಿಬಿಟ್ಟೆ. ಮೊದಲ ಹಾಳೆ ಲಂಬ, ಎರಡನೆಯದು 45: ಮೀಟರಿನಲ್ಲಿ 64. ಮೊದಲ ಹಾಳೆ ಅಡ್ಡ, ಎರಡನೆಯದು 45: ಅಲ್ಲೂ 64. ಅಂದರೆ ಲಂಬ ಮತ್ತು ಅಡ್ಡ ಫೋಟಾನುಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಿದರೂ 45ರ ಹಾಳೆಯ ಹಿಂದೆ ಸಿಗುವುದು 64 ಮಾತ್ರ. ಎದುರು ಓರೆಗೆ, ಅಂದರೆ 135ಕ್ಕೆ ತಿರುಗಿಸಿದರೂ 64.

ಈಗ ನಿಜವಾದ ಓರೆ ಬೆಳಕು. ಎರಡೂ ಹಾಳೆ 45ರಲ್ಲಿ: 128. ಎರಡನೆಯದು 135ರಲ್ಲಿ: 1.

ಆಲೂಗೆಡ್ಡೆ ಮೂಟೆ 64, 64 ಕೊಡಬೇಕಿತ್ತು. ಓರೆ ಬೆಳಕು 128, 1 ಕೊಟ್ಟಿತು. ಹಾಗಾಗಿ 'ಪ್ರತಿ ಫೋಟಾನೂ ಮೊದಲೇ ಲಂಬವೋ ಅಡ್ಡವೋ ಆಗಿತ್ತು, ನಮಗೆ ಗೊತ್ತಿರಲಿಲ್ಲ' ಎನ್ನುವ ಮಾತು ಬಿತ್ತು. ಪುಸ್ತಕದಲ್ಲಿ ಇದನ್ನು ಎರಡು ಸಾಲಿನಲ್ಲಿ ಬರೆಯುತ್ತಾರೆ:

```
D = (H + V) / √2
A = (H − V) / √2
```

H ಅಡ್ಡ, V ಲಂಬ, D ಒಂದು ಓರೆ, A ಎದುರು ಓರೆ. ಎರಡರಲ್ಲೂ ಲಂಬ ಅರ್ಧ, ಅಡ್ಡ ಅರ್ಧ. ಇರುವ ವ್ಯತ್ಯಾಸ ನಡುವಿನ ಕೂಡುವ ಮತ್ತು ಕಳೆಯುವ ಚಿಹ್ನೆ ಮಾತ್ರ. ಆ ಒಂದು ಚಿಹ್ನೆಯಿಂದಲೇ ಒಂದು ಪೂರ್ತಿ ದಾಟುತ್ತದೆ, ಇನ್ನೊಂದು ಪೂರ್ತಿ ನಿಲ್ಲುತ್ತದೆ. 'ಐವತ್ತು ಐವತ್ತು' ಎಂದಷ್ಟೇ ಹೇಳಿದರೆ ಈ ಚಿಹ್ನೆ ಬಿಟ್ಟುಹೋಗುತ್ತದೆ. ನನ್ನ ನಾಣ್ಯದ ಕಥೆಯಲ್ಲಿ ಬಿಟ್ಟುಹೋಗಿದ್ದೂ ಇದೇ.

'ಹಾಗಾದ್ರೆ ಒಂದೇ ಸಲ ಎರಡೂ ಅಂತೀರಾ ಸರ್?' ಎಂದ ಹುಡುಗ. ಅದನ್ನೂ ನಾನು ಹೇಳುವುದಿಲ್ಲ. ಮೇಲಿನ ಲೆಕ್ಕವನ್ನು ತಿರುವಿ ಹಾಕಿದರೆ ಲಂಬ ಬೆಳಕನ್ನೇ ಎರಡು ಓರೆಗಳ ಸೂಪರ್‌ಪೊಸಿಷನ್ ಎಂದು ಬರೆಯಬಹುದು. ಲಂಬ ಬೆಳಕನ್ನು ಯಾರೂ 'ಎರಡು ಓರೆಯೂ ಒಂದೇ ಸಲ' ಎಂದು ಬೆರಗಾಗಿ ನೋಡುವುದಿಲ್ಲ. ಓರೆ ಫೋಟಾನು ಓರೆಯಾಗಿಯೇ ಇದೆ, ಖಚಿತವಾಗಿ. ಲಂಬವಾ ಅಡ್ಡವಾ ಎಂಬ ಪ್ರಶ್ನೆಗೆ ಮಾತ್ರ ಅದರ ಹತ್ತಿರ ಸಿದ್ಧ ಉತ್ತರ ಇಲ್ಲ.

ಅಳತೆಯ ವಿಷಯಕ್ಕೆ ಬರೋಣ. ಒಂದು ಹಾಳೆ ಲಂಬ, ಒಂದು ಅಡ್ಡ, ಮೀಟರ್ 1. ನಡುವೆ ಮೂರನೇ ಹಾಳೆಯನ್ನು 45ರಲ್ಲಿ ತೂರಿಸಿದೆ. ಮೀಟರ್ 26ಕ್ಕೆ ಏರಿತು. ಇನ್ನೊಂದು ಅಡ್ಡಿ ಸೇರಿಸಿದರೆ ಬೆಳಕು ಜಾಸ್ತಿ! ತರಗತಿಯಲ್ಲಿ ಮಾಡಿದಾಗ ಹುಡುಗರು ಎದ್ದು ಮುಂದೆ ಬಂದರು. ಲೆಕ್ಕ ಕೂಡುತ್ತದೆ. ಮೊದಲ ಹಾಳೆ ದಾಟಿದ 160, ನಡುವಿನ ಹಾಳೆಯಲ್ಲಿ ಅರ್ಧ ಮತ್ತು ನುಂಗಿದ ಪಾಲು ಹೋಗಿ 64, ಕೊನೆಯದರಲ್ಲಿ ಹಾಗೇ ಮತ್ತೆ 26. ನಡುವಿನ ಹಾಳೆ ದಾಟಿದ ಬೆಳಕು ಲಂಬ ಆಗಿ ಉಳಿಯಲಿಲ್ಲ, ಓರೆ ಆಯಿತು. ಹಾಳೆ ಜರಡಿ ಹಿಡಿಯುವುದಷ್ಟೇ ಅಲ್ಲ, ದಾಟಿದ್ದನ್ನು ಬದಲಾಯಿಸಿ ಬಿಡುತ್ತದೆ. ಗೆಡ್ಡೆ ಕೊಯ್ಯುವುದಕ್ಕೂ ಇದಕ್ಕೂ ಇದು ಎರಡನೇ ವ್ಯತ್ಯಾಸ. ಕೊಯ್ದರೆ ಒಳಗಿದ್ದದ್ದು ಕಾಣುತ್ತದೆ. ಇಲ್ಲಿ ಅಳತೆಯಾದ ಮೇಲೆ ಇರುವುದು ಮೊದಲಿದ್ದದ್ದಲ್ಲ.

ಒಂದು ಎಚ್ಚರಿಕೆ. 45ರ ಹತ್ತಿರ ಕೋನ ಐದು ಡಿಗ್ರಿ ತಪ್ಪಿದರೆ 64ರ ಬದಲು 53 ಅಥವಾ 75 ಬರುತ್ತದೆ. 0 ಮತ್ತು 90ರಲ್ಲಿ ಅಷ್ಟೇ ತಪ್ಪಿದರೆ ಒಂದೆರಡು ಅಂಕಿ ಅಷ್ಟೆ. ಕೈಯಲ್ಲಿ ಹಿಡಿಯದೆ ಕೋನಮಾಪಕಕ್ಕೆ ಅಂಟಿಸಿ.

'ನೋಡುವವರಿಲ್ಲದಿದ್ದರೆ ಅಳತೆಯೇ ಆಗುವುದಿಲ್ಲ' ಎನ್ನುವ ಮಾತನ್ನೂ ಹುಡುಗರು ಎಲ್ಲೆಲ್ಲಿಂದಲೋ ತರುತ್ತಾರೆ. ನಡುವಿನ ಹಾಳೆಯನ್ನು ಯಾರೂ ಇಣುಕಿ ನೋಡಲಿಲ್ಲ. ಯಾವ ಫೋಟಾನು ದಾಟಿತು, ಯಾವುದು ನಿಂತಿತು ಎಂದು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ನಿಂತ ಫೋಟಾನು ಹಾಳೆಯೊಳಗೆ ಶಾಖವಾಗಿ ಹೋಯಿತು. ಅಷ್ಟೇ ಗುರುತು, ಅಷ್ಟೇ ಸಾಕು. ಗುರುತು ಉಳಿಯದಂತೆ ಮಾಡಿದರೆ ಕಥೆ ಬೇರೆ. ಕ್ಯಾಲ್ಸೈಟ್ ಹರಳು ಓರೆ ಬೆಳಕನ್ನು ಲಂಬ, ಅಡ್ಡ ಎಂದು ಎರಡು ದಾರಿಗೆ ಸೀಳುತ್ತದೆ, ನುಂಗುವುದಿಲ್ಲ. ತಿರುವಿಟ್ಟ ಇನ್ನೊಂದು ಹರಳಿನಿಂದ ಎರಡು ದಾರಿಯನ್ನೂ ಸರಿಯಾಗಿ ಕೂಡಿಸಿದರೆ ಅದೇ ಓರೆ ಬೆಳಕು ಪೂರ್ತಿ ವಾಪಸ್ ಬರುತ್ತದೆ. ಸೀಳಿದ ಮಾತ್ರಕ್ಕೆ ಅಳತೆ ಆಗಲಿಲ್ಲ. ದಾರಿಯ ಗುರುತು ಎಲ್ಲೋ ಉಳಿದರೆ ಮಾತ್ರ ಆ ಓರೆ ಕಳೆದುಹೋಗುತ್ತದೆ. ಇದನ್ನು ಮನೆಯಲ್ಲಿ ಮಾಡಲು ನನ್ನಿಂದಾಗಲಿಲ್ಲ. ಎರಡು ದಾರಿಯ ಉದ್ದ ಬೆಳಕಿನ ಅಲೆಯ ಲೆಕ್ಕದಲ್ಲಿ ಕೂಡಬೇಕು.

ಬುದ್ಧಿವಂತ ಓದುಗರು ಇಷ್ಟು ಹೊತ್ತಿಗೆ ಕೇಳಿರುತ್ತಾರೆ: ಇದೆಲ್ಲ ಅಲೆಯ ಲೆಕ್ಕ ಅಲ್ವಾ, ಇದರಲ್ಲಿ ಕ್ವಾಂಟಂ ಎಲ್ಲಿದೆ? ನಿಜ. ಒಂದು ಮಿಲಿವಾಟ್ ಹಸಿರು ಬೆಳಕಿನಲ್ಲಿ ಸೆಕೆಂಡಿಗೆ ಸುಮಾರು 3ರ ಮುಂದೆ 15 ಸೊನ್ನೆಯಷ್ಟು ಫೋಟಾನುಗಳಿವೆ. ಅಷ್ಟು ಗುಂಪಿನಲ್ಲಿ ನನ್ನ ಮೀಟರಿಗೆ ಕಾಣುವುದು ಸರಾಸರಿ. ಮೇಲಿನ ಎಲ್ಲ ಅಂಕಿಯನ್ನೂ ಹಳೇ ಅಲೆ ಸಿದ್ಧಾಂತವೇ ಕೊಡುತ್ತದೆ. ಕ್ವಾಂಟಂ ಬರುವುದು ಫೋಟಾನುಗಳನ್ನು ಒಂದೊಂದಾಗಿ ಕಳಿಸಿದಾಗ. 1986ರಲ್ಲಿ ಫ್ರಾನ್ಸಿನ ಗ್ರಾಂಜಿಯೆ, ರೋಜೆ, ಆಸ್ಪೆ ಒಂದೊಂದೇ ಫೋಟಾನನ್ನು ಅರ್ಧ ಬಿಡುವ ಕನ್ನಡಿಗೆ ಕಳಿಸಿದರು. ಎರಡು ಕಡೆಯ ಡಿಟೆಕ್ಟರುಗಳು ಒಟ್ಟಿಗೆ ಸದ್ದು ಮಾಡುವುದು ಅಲೆಯ ಲೆಕ್ಕಕ್ಕಿಂತ ತೀರಾ ಕಮ್ಮಿ ಇತ್ತು. ಫೋಟಾನು ಅರ್ಧ ಅರ್ಧ ಹಂಚಿಹೋಗುವುದಿಲ್ಲ. ಎರಡು ದಾರಿಯನ್ನು ಮತ್ತೆ ಕೂಡಿಸಿದಾಗ ಮಾತ್ರ ಅಲೆಯ ಪಟ್ಟಿಗಳು ಬಂದವು. ನನ್ನ ಹಾಳೆಯ ಮುಂದೆಯೂ ಹಾಗೇ. ಅರ್ಧ ಫೋಟಾನು ದಾಟುವುದಿಲ್ಲ. ಒಂದು ದಾಟುತ್ತದೆ, ಒಂದು ನಿಲ್ಲುತ್ತದೆ. 64 ಎನ್ನುವುದು ಅವುಗಳ ಒಟ್ಟು ಲೆಕ್ಕ.

ಹುಡುಗ ಬಿಡಲಿಲ್ಲ. 'ಹಾಗಾದ್ರೆ ಇಂಥದ್ದೇ ಫೋಟಾನು ದಾಟೋದು ಯಾಕೆ? ಲಂಬ ಅಡ್ಡ ಬಿಟ್ಟು ಬೇರೆ ಯಾವ್ದೋ ಗುರುತು ಒಳಗೆ ಇರಬಹುದಲ್ಲ?' ನನ್ನ ಟಾರ್ಚು ಬೀಳಿಸಿದ್ದು ಲಂಬ ಅಡ್ಡದ ಸರಳ ಮೂಟೆಯನ್ನು ಮಾತ್ರ. ಜಾಣತನದ ಗುರುತುಗಳನ್ನು ಪರೀಕ್ಷಿಸಲು ಜೋಡಿ ಫೋಟಾನು ಬೇಕು, 1964ರಲ್ಲಿ ಜಾನ್ ಬೆಲ್ ಕೊಟ್ಟ ಲೆಕ್ಕ ಬೇಕು. ಪ್ರತಿ ಫೋಟಾನು ತನ್ನ ಗುರುತನ್ನು ತಾನೇ ಹೊತ್ತು ತರುತ್ತದೆ, ದೂರದ ಇನ್ನೊಂದು ಹಾಳೆಯ ಪ್ರಭಾವ ಅದಕ್ಕೆ ತಾಗುವುದಿಲ್ಲ ಎನ್ನುವ ಬಗೆ ಆ ಪರೀಕ್ಷೆಯಲ್ಲಿ ಬಿತ್ತು. ಆ ಪ್ರಯೋಗಗಳಿಗೆ ಆಸ್ಪೆ, ಕ್ಲೌಸರ್, ಝೈಲಿಂಗರ್ 2022ರ ನೊಬೆಲ್ ಪಡೆದರು. ಒಂದೊಂದು ಸಲಕ್ಕೆ ಇಂಥದ್ದೇ ಫಲಿತಾಂಶ ಯಾಕೆ ಎನ್ನುವುದರಲ್ಲಿ ಭೌತವಿಜ್ಞಾನಿಗಳಲ್ಲೇ ಇನ್ನೂ ಒಮ್ಮತ ಇಲ್ಲ. ಅವನಿಗೆ ಹಾಗೇ ಹೇಳಿದೆ. ಒಂದು ತುಂಡು ಹಾಳೆ ಕೇಳಿ ತೆಗೆದುಕೊಂಡು ಹೋದ. ಮಾರನೇ ದಿನ ಬಂದು ಕ್ಯಾಲ್ಕುಲೇಟರ್ ಪರದೆಯ ಮೇಲೆ ಹಾಳೆ ಇಟ್ಟು ತಿರುಗಿಸಿದರೆ ಅಂಕಿಗಳೇ ಮಾಯವಾಗುತ್ತವೆ ಎಂದು ತೋರಿಸಿದ. ನನಗದು ಹೊಳೆದಿರಲಿಲ್ಲ.