ಎಂಟು ಗಂಟೆಯ ಲೈವ್ ಲೊಕೇಶನ್

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿಬರುವ ನಾವು ಐದು ಜನ ಒಂದೇ ಕಾರಿನಲ್ಲಿ ಪ್ರಯಾಣಿಸುತ್ತೇವೆ. ಒಬ್ಬರು ಮಂಡಗದ್ದೆಯಲ್ಲಿ ಹತ್ತುವವರು. ಜಡಿಮಳೆಯಲ್ಲಿ ಅವರು ರಸ್ತೆಬದಿಯಲ್ಲಿ ಕಾಯುವುದನ್ನು ತಪ್ಪಿಸಲೆಂದೇ ಕಾರು ಓಡಿಸುವ ನಾನು ವಾಟ್ಸಾಪ್ ಗುಂಪಿನಲ್ಲಿ ಲೈವ್ ಲೊಕೇಶನ್ ಹಾಕತೊಡಗಿದೆ. ಕಾರು ಎಲ್ಲಿದೆಯೆಂದು ಮನೆಯ ಜಗಲಿಯಲ್ಲೇ ಕುಳಿತು ನೋಡಿ, ಸಮಯಕ್ಕೆ ಸರಿಯಾಗಿ ಅವರು ಕೊಡೆ ಹಿಡಿದು ಹೊರಡುತ್ತಿದ್ದರು. ಕಾಡಿನ ನಡುವೆ ಸಿಗ್ನಲ್ ಹೋದಾಗ ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ. ಆಗ ಚುಕ್ಕೆಯನ್ನಲ್ಲ, ಅದು ಕೊನೆಯದಾಗಿ ಎಷ್ಟು ನಿಮಿಷದ ಹಿಂದೆ ಬದಲಾಯಿತು ಎಂಬುದನ್ನು ನೋಡಬೇಕೆಂದು ಇಬ್ಬರೂ ಬೇಗನೆ ಕಲಿತೆವು.

ತೊಂದರೆ ಬಂದದ್ದು ಅವಧಿಯಿಂದ. ವಾಟ್ಸಾಪ್ ಕೊಡುವ ಆಯ್ಕೆ ಮೂರೇ: 15 ನಿಮಿಷ, 1 ಗಂಟೆ, 8 ಗಂಟೆ. ಸುಮಾರು 60 ಕಿಲೋಮೀಟರಿನ ದಾರಿಗೆ ಮಳೆಗಾಲದಲ್ಲಿ ಒಂದೂವರೆ ಗಂಟೆ ಹಿಡಿಯುವುದರಿಂದ ನಾವೆಲ್ಲ ಕಣ್ಣುಮುಚ್ಚಿ 8 ಗಂಟೆಯನ್ನೇ ಒತ್ತುತ್ತಿದ್ದೆವು. ಒಂದು ಸಂಜೆ ನಾನು ರಜೆಯಲ್ಲಿದ್ದುದರಿಂದ ಬಸ್ಸಿನಲ್ಲಿ ಮರಳುತ್ತಿದ್ದ ನಮ್ಮ ಜೊತೆಯ ಮೇಡಂ ಒಬ್ಬರು, ತಾವು ಎಲ್ಲಿದ್ದೇವೆಂದು ತಿಳಿಯಲೆಂದು ಆರು ಗಂಟೆಗೆ ಹಾಗೆಯೇ ಒತ್ತಿದರು, ಮನೆ ತಲುಪಿದ ಮೇಲೆ ಮರೆತರು. ಚುಕ್ಕೆ ರಾತ್ರಿ ಎರಡರವರೆಗೂ ಅವರ ಮನೆಯ ಮೇಲೆಯೇ ಇತ್ತು. ಹಿಂದೆ ನಮ್ಮೊಡನೆ ಓಡಾಡಿ ಈಗ ಕೆಲಸ ಬದಲಿಸಿದವರು, ಬದಲಿ ಚಾಲಕರು ಎಲ್ಲ ಸೇರಿ ಗುಂಪಿನಲ್ಲಿ ಹತ್ತೊಂಬತ್ತು ಜನರಿದ್ದರು. ಮರುದಿನ ಅವರಲ್ಲೊಬ್ಬರು, “ನಿಮ್ಮ ಮನೆ ಆ ಕೆರೆಯ ಹಿಂದಿನ ತೋಟದಲ್ಲಾ ಮೇಡಂ?” ಎಂದು ಕೇಳಿದಾಗ ಅವರ ಮುಖ ಬಾಡಿತು. ಕೇಳಿದವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲವೆಂದು ನಾನು ಈಗಲೂ ನಂಬುತ್ತೇನೆ. ಆದರೆ ಅದರಿಂದ ಮೇಡಂ ಅವರಿಗೇನು ಸಮಾಧಾನ?

ಅಂದು ನನ್ನ ಹಳೆಯ ಸಂದೇಶಗಳನ್ನು ತೆರೆದು ನೋಡಿದೆ. ಅವಧಿ ಮುಗಿದ ಮೇಲೂ ಹಂಚಿಕೆ ಆರಂಭವಾದ ಜಾಗದ ಚಿಕ್ಕ ನಕ್ಷೆ ಚಾಟ್‌ನಲ್ಲಿ ಉಳಿದಿರುತ್ತದೆ, ಅದನ್ನು ಒತ್ತಿದರೆ ಕೊನೆಯ ಜಾಗವೂ ಕಾಣುತ್ತದೆ. ನಾನು ಪ್ರತಿದಿನ ಅಂಗಳದಲ್ಲಿ ನಿಂತೇ ಒತ್ತುತ್ತಿದ್ದೆನಾದ್ದರಿಂದ ನನ್ನ ಮನೆಯ ನಕ್ಷೆ ಸಾಲುಸಾಲಾಗಿ ಬಿದ್ದಿತ್ತು!

ಈಗ ಓಡಿಸುವವರು ಮಾತ್ರ ಹಂಚುತ್ತೇವೆ, ಅದೂ ಪೇಟೆಯ ಪೆಟ್ರೋಲ್ ಬಂಕ್ ದಾಟಿದ ಮೇಲೆ. ಮಂಡಗದ್ದೆ ಹೆಚ್ಚುಕಡಿಮೆ ಅರ್ಧದಾರಿ. ಅಲ್ಲಿಂದ ಮುಂದೆ ಕಾಯುವವರೇ ಇಲ್ಲವಾದ್ದರಿಂದ 1 ಗಂಟೆ ಸಾಕು. ಅವರು ಹತ್ತಿದೊಡನೆ ಅವರೇ ನನ್ನ ಫೋನ್ ತೆಗೆದು `Stop sharing` ಒತ್ತುತ್ತಾರೆ. ದಿನನಿತ್ಯ ಓಡಾಡುವ ಐವರಿಗಷ್ಟೇ ಬೇರೆ ಗುಂಪು ಮಾಡಿಕೊಂಡಿದ್ದೇವೆ. ಸಂಜೆ ಒಬ್ಬರೇ ಬಸ್ಸಿನಲ್ಲಿ ಮರಳುವವರು ಗುಂಪಿಗೆ ಹಾಕದೆ ಮನೆಯವರೊಬ್ಬರಿಗೆ ಮಾತ್ರ ಕಳುಹಿಸುತ್ತಾರೆ, ಮನೆಯವರಿಗೆ ಮನೆ ಎಲ್ಲಿದೆಯೆಂದು ಹೇಗೂ ಗೊತ್ತಿರುತ್ತದೆ.