ಕಿಟಕಿ ಇಲ್ಲದ ಮೂಲೇಲಿ ಗಿಡ: ಲೈಟಿನ ಬಣ್ಣ, ಎತ್ತರ, ಗಂಟೆ ನಾನು ಹೇಗೆ ಲೆಕ್ಕ ಹಾಕ್ದೆ

ಎರಡು ಗೋಡೆ ಸೇರೋ ಮೂಲೇಲಿ ನನ್ನ ಗಿಡದ ರ್ಯಾಕ್ ಇದೆ, ಹಗಲು ಬೆಳಕು ಅಲ್ಲಿಗೆ ಚೂರೂ ಬರಲ್ಲ. ಇರೋದು ಮೂರು ಗಿಡ, ಕೋಲಿಯಸ್, ಪೀಸ್ ಲಿಲಿ, ಮನಿ ಪ್ಲಾಂಟ್. ಇಂಥ ಜಾಗದಲ್ಲಿ ಒಂದು ಅನುಕೂಲ ಇದೆ, ಗಿಡಕ್ಕೆ ಸಿಗೋ ಬೆಳಕೆಲ್ಲ ನಾವು ಹಾಕಿರೋ ಲೈಟಿಂದಾನೇ ಬರೋದ್ರಿಂದ ದಿನಕ್ಕೆ ಎಷ್ಟು ಸಿಕ್ತು ಅಂತ ಲೆಕ್ಕ ಹಾಕಬಹುದು. ಕಿಟಕಿ ಪಕ್ಕ ಇಟ್ರೆ ಮೋಡ, ಬಿಸಿಲು, ಕಾಲ ಎಲ್ಲಾ ಸೇರಿ ಆ ಲೆಕ್ಕ ಕೈಗೆ ಸಿಗಲ್ಲ.

ಮೊದಲು ಬಣ್ಣದ ವಿಷಯ ಮುಗಿಸಿಬಿಡ್ತೀನಿ, ಯಾಕಂದ್ರೆ ಎಲ್ರೂ ತಲೆ ಕೆಡಿಸ್ಕೊಳ್ಳೋದು ಇಲ್ಲೇ, ಆದ್ರೆ ಬಣ್ಣ, ದೂರ, ಗಂಟೆ ಈ ಮೂರರಲ್ಲಿ ಸುಲಭವಾದ ತೀರ್ಮಾನಾನೂ ಇದೇ. ಕೆಂಪು-ನೀಲಿ ಸೇರಿದ ಆ ನೇರಳೆ ಲೈಟು ಬೇಡ ಅಂತ ನಾನು ಬಿಳಿ ಎಲ್‌ಇಡಿ ತಗೊಂಡೆ, 4000 ಕೆಲ್ವಿನ್, ಬಿಳಿ ಬೆಳಕು ಹಳದಿ ಕಡೆಗಾ ನೀಲಿ ಕಡೆಗಾ ಅಂತ ಹೇಳೋ ಅಂಕಿ ಅದು. ಎಲೆ ಕೆಂಪು ಮತ್ತೆ ನೀಲಿ ಬೆಳಕನ್ನ ಚೆನ್ನಾಗಿ ಹೀರ್ಕೊಳ್ಳತ್ತೆ ಅನ್ನೋದು ನಿಜಾನೇ, ಆದ್ರೆ ಹಸಿರು ಬೆಳಕು ದಂಡ ಅನ್ನೋದು ಸರಿಯಲ್ಲ, ಅದು ಎಲೆಯ ಒಳಪದರದವರೆಗೂ, ಮೇಲಿನ ಎಲೆ ದಾಟಿ ಕೆಳಗಿನ ಎಲೆಗೂ ಹೋಗಿ ಕೆಲಸ ಮಾಡತ್ತೆ. ಬಿಳಿ ಎಲ್‌ಇಡಿಲಿ ಈ ಮೂರೂ ಇರತ್ತೆ. ಅದಕ್ಕಿಂತ ದೊಡ್ಡ ಕಾರಣ ಅಂದ್ರೆ ನೇರಳೆ ಬೆಳಕಲ್ಲಿ ಎಲೆ ಹಳದಿ ಆಗ್ತಿದ್ಯಾ, ಹುಳ ಬಿದ್ದಿದ್ಯಾ ಅಂತ ನಮಗೆ ಕಾಣೋದೇ ಇಲ್ಲ, ಎಲ್ಲಾ ಎಲೆನೂ ಕಪ್ಪಗೆ ಕಾಣತ್ತೆ. 6500 ಕೆಲ್ವಿನ್ ತಗೊಂಡ್ರೂ ತಪ್ಪಿಲ್ಲ, ಅದರಲ್ಲಿ ನೀಲಿ ಪಾಲು ಜಾಸ್ತಿ, ಗಿಡ ಸ್ವಲ್ಪ ಕುಳ್ಳಗೆ ಒತ್ತಾಗಿ ಬೆಳೆಯತ್ತೆ. ಎಲೆ ಗಿಡಗಳಿಗೆ ಇಷ್ಟು ಸಾಕು.

ಈಗ ಲೈಟಿಂದ ಗಿಡಕ್ಕೆ ಇರೋ ದೂರ. ಡಬ್ಬಿ ಮೇಲೆ "ಇಷ್ಟು ವ್ಯಾಟ್‌ಗೆ ಸಮ" ಅಂತ ದೊಡ್ಡದಾಗಿ ಬರೆದಿರತ್ತಲ್ಲ, ಅದನ್ನ ನೋಡ್ಬೇಡಿ, ನಿಜವಾಗ್ಲೂ ಎಳೆಯೋ ವ್ಯಾಟ್ ನೋಡಿ. ನಂದು 24 ವ್ಯಾಟಿನ, ಸುಮಾರು 60 ಸೆಂಟಿಮೀಟರ್ ಉದ್ದದ ಪಟ್ಟಿ ಲೈಟು. ಅದನ್ನ ಸರಪಳಿಲಿ ನೇತುಹಾಕಿದೀನಿ, ಏರಿಸಿ ಇಳಿಸೋಕೆ ಆಗ್ಲಿ ಅಂತ. ಅಳೆಯೋಕೆ, ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳ್ತಿದೆ ಅಂತ ತೋರ್ಸೋ ಲಕ್ಸ್ ಮೀಟರ್ ಇದ್ರೆ ಒಳ್ಳೇದು, ಫೋನಿನ ಆಪಲ್ಲೂ ನಡೆಯತ್ತೆ, ಆದ್ರೆ ಒಂದೊಂದು ಫೋನ್ ಒಂದೊಂದು ಥರ ತೋರ್ಸೋದ್ರಿಂದ ಆ ಅಂಕಿನ ಪೂರ್ತಿ ನಂಬದೆ ಈ ಜಾಗಕ್ಕೂ ಆ ಜಾಗಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡೋಕೆ ಬಳಸಿ. ಮೀಟರನ್ನ ಎಲೆ ಇರೋ ಎತ್ತರದಲ್ಲೇ, ಲೈಟಿನ ಕಡೆ ಮುಖ ಮಾಡಿ ಹಿಡೀಬೇಕು, ಪಾಟಿನ ಮಣ್ಣಿನ ಹತ್ರ ಅಲ್ಲ.

ನನಗೆ ಪಟ್ಟಿಯ ನಡುಭಾಗದ ಕೆಳಗೆ ಸಿಕ್ಕಿದ್ದು ಹೀಗೆ: 20 ಸೆಂಟಿಮೀಟರಲ್ಲಿ ಸುಮಾರು 9,800 ಲಕ್ಸ್, 30ರಲ್ಲಿ 5,600, 60ರಲ್ಲಿ ಬರೀ 2,100. ದೂರ ಎರಡರಷ್ಟಾದ್ರೆ ಬೆಳಕು ಕಾಲು ಭಾಗ ಆಗತ್ತೆ ಅಂತಾರಲ್ಲ, ಅದು ಒಂಟಿ ಬಲ್ಬಿಗೆ. ಉದ್ದ ಪಟ್ಟಿಗೆ ಹತ್ತಿರದಲ್ಲಿ ಅಷ್ಟು ಬೇಗ ಬೀಳಲ್ಲ, ಜೊತೆಗೆ ಬಿಳಿ ಗೋಡೆ ಹಿಂದೆ ಇದ್ರೆ ಅದೂ ಒಂಚೂರು ವಾಪಸ್ ಕೊಡತ್ತೆ. ಆದ್ರೆ ಪಟ್ಟಿಯ ತುದಿ ಕಡೆ ಹೋದ್ರೆ ಅದೇ ಎತ್ತರದಲ್ಲೂ ಬೆಳಕು ಹತ್ತತ್ರ ಅರ್ಧಕ್ಕೆ ಇಳಿಯತ್ತೆ, ಹಾಗಾಗಿ ಎತ್ತರದ ಜೊತೆ ಅಕ್ಕಪಕ್ಕಾನೂ ಅಳೀರಿ.

ಇನ್ನು ಗಂಟೆ. ಗಿಡಕ್ಕೆ ಮುಖ್ಯ ಆಗೋದು ಇಡೀ ದಿನದಲ್ಲಿ ಒಟ್ಟು ಎಷ್ಟು ಬೆಳಕು ಬಿತ್ತು ಅನ್ನೋದು, ಅದನ್ನ ಡಿಎಲ್‌ಐ ಅಂತಾರೆ, ದಿನಕ್ಕೆ ಒಂದು ಚದರ ಮೀಟರ್ ಮೇಲೆ ಬಿದ್ದ ಬೆಳಕಿನ ಕಣಗಳನ್ನ ಮೋಲ್ ಅನ್ನೋ ಅಳತೇಲಿ ಲೆಕ್ಕ ಹಾಕೋದು. ಬಿಳಿ ಎಲ್‌ಇಡಿಗೆ ನಾನು ಬಳಸೋ ಸುಲಭದ ಲೆಕ್ಕ ಏನಂದ್ರೆ, ಲಕ್ಸನ್ನ ಗಂಟೆಯಿಂದ ಗುಣಿಸಿ 20,000ದಿಂದ ಭಾಗಿಸೋದು. ಅಂದಾಜೇ, ಆದ್ರೆ ಮನೆಗಿಡಕ್ಕೆ ಸಾಕು. ನೇರಳೆ ಲೈಟಿಗೆ ಮಾತ್ರ ಇದು ನಡೆಯಲ್ಲ, ಯಾಕಂದ್ರೆ ಲಕ್ಸ್ ಅನ್ನೋದು ಮನುಷ್ಯನ ಕಣ್ಣಿನ ಲೆಕ್ಕ, ಕೆಂಪು-ನೀಲಿನ ಬಹಳ ಕಮ್ಮಿ ತೋರಿಸತ್ತೆ.

12 ಗಂಟೆ ಉರಿಸಿದ್ರೆ 20 ಸೆಂಟಿಮೀಟರಲ್ಲಿ 9,800 × 12 ÷ 20,000, ಅಂದ್ರೆ ಹೆಚ್ಚುಕಮ್ಮಿ 6 ಮೋಲ್. 30ರಲ್ಲಿ 3.4. 60ರಲ್ಲಿ 1.3 ಅಷ್ಟೇ. ಕೋಲಿಯಸ್‌ಗೆ ಎಲೆ ಬಣ್ಣ ಉಳೀಬೇಕು, ಪೀಚಾಗಿ ಉದ್ದ ಆಗ್ಬಾರ್ದು ಅಂದ್ರೆ 6ರ ಆಸುಪಾಸು ಬೇಕು, ಅದಕ್ಕೇ ಅದನ್ನ ಪಟ್ಟಿಯ ನಡುವೆ, ಪಾಟಿನ ಕೆಳಗೆ ಇಟ್ಟಿಗೆ ಕೊಟ್ಟು ಎತ್ತಿ 20ಕ್ಕೆ ತಂದೆ. ಪೀಸ್ ಲಿಲಿಗೆ 2ರಿಂದ 4 ಸಾಕು, ಅದು 30ರಲ್ಲಿ ಕೂತಿದೆ. ಮನಿ ಪ್ಲಾಂಟ್ ಒಂದೂವರೆ ಎರಡರಲ್ಲೂ ತಡ್ಕೊಳ್ಳತ್ತೆ, ಬೆಳವಣಿಗೆ ನಿಧಾನ ಅಷ್ಟೇ, ಅದಕ್ಕೆ ಪಟ್ಟಿಯ ತುದಿ ಜಾಗ ಕೊಟ್ಟೆ. ಒಂದೇ ಲೈಟು, ಒಂದೇ ಟೈಮರ್, ಪಾಟಿನ ಎತ್ತರ ಮಾತ್ರ ಬೇರೆ ಬೇರೆ.

ಗಂಟೆ ಜಾಸ್ತಿ ಮಾಡಿದ್ರೆ ದೂರದ ಕೊರತೆ ತುಂಬ್ಕೊಳ್ಳಲ್ವಾ ಅಂತ ಕೇಳ್ಬಹುದು. ಸ್ವಲ್ಪ ಮಟ್ಟಿಗೆ ತುಂಬತ್ತೆ. ಆದ್ರೆ 60 ಸೆಂಟಿಮೀಟರಲ್ಲಿ 16 ಗಂಟೆ ಉರಿಸಿದ್ರೂ ಸಿಗೋದು 1.7, ಅದೇ ಲೈಟನ್ನ 30ಕ್ಕೆ ಇಳಿಸಿದ್ರೆ ಹೆಚ್ಚಿಗೆ ಕರೆಂಟ್ ಇಲ್ಲದೇನೇ ಅದರ ಎರಡರಷ್ಟು ಬರತ್ತೆ. ಅದಕ್ಕೇ ನನ್ನ ಕ್ರಮ ಯಾವಾಗ್ಲೂ ಮೊದಲು ದೂರ ಸರಿ ಮಾಡೋದು, ಆಮೇಲೆ ಉಳಿದಿದ್ದನ್ನ ಗಂಟೆಲಿ ಹೊಂದಿಸೋದು. 16ರ ಮೇಲೆ ನಾನು ಹೋಗಲ್ಲ. ರಾತ್ರಿನೇ ಇಲ್ಲದೆ 24 ಗಂಟೆನೂ ಬೆಳಕಿದ್ರೆ ಕೆಲವು ಗಿಡ ಹಾಳಾಗ್ತವೆ, ಟೊಮ್ಯಾಟೊ ಎಲೆ ಹಳದಿ ಆಗೋದು ಇದಕ್ಕೆ ಚೆನ್ನಾಗಿ ಗೊತ್ತಿರೋ ಉದಾಹರಣೆ. ಕ್ರಿಸ್ಮಸ್ ಕ್ಯಾಕ್ಟಸ್, ಪಾಯಿನ್ಸೆಟಿಯಾ ಥರದವು ಹೂ ಬಿಡೋಕೆ ಉದ್ದ ರಾತ್ರಿ ಕೇಳ್ತವೆ, ಅವನ್ನ ಈ ರ್ಯಾಕಲ್ಲಿ ಸೇರಿಸಿದ್ರೆ ಗಂಟೆ ಲೆಕ್ಕಾನೇ ಬೇರೆ ಆಗತ್ತೆ.

ಸರಿ ಆಗಿದ್ಯಾ ಇಲ್ವಾ ಅಂತ ಹೊಸ ಚಿಗುರು ನೋಡಿದ್ರೆ ಗೊತ್ತಾಗತ್ತೆ, ಹಳೇ ಎಲೆ ಏನೂ ಹೇಳಲ್ಲ. ಗಿಣ್ಣಿಂದ ಗಿಣ್ಣಿಗೆ ಅಂತರ ಮೊದಲಿಗಿಂತ ಜಾಸ್ತಿ, ಎಲೆ ಚಿಕ್ಕದು, ಬಣ್ಣ ಬರೀ ಹಸಿರಿಗೆ ತಿರುಗ್ತಿದೆ ಅಂದ್ರೆ ಬೆಳಕು ಸಾಲ್ತಿಲ್ಲ. ತುದಿ ಎಲೆ ಮಾತ್ರ ಬಿಳಿಚಿಕೊಂಡು ಒರಟಾಗಿ ಅಂಚು ಮಡಚ್ಕೊಳ್ತಿದ್ರೆ ಜಾಸ್ತಿ ಆಯ್ತು. ಕೋಲಿಯಸ್ ಇದನ್ನ ಚೆನ್ನಾಗಿ ತೋರಿಸತ್ತೆ, ತುದಿ ಬೆಳೆದು ಲೈಟಿಗೆ 10 ಸೆಂಟಿಮೀಟರ್ ಹತ್ರ ಹೋದಾಗ ಮೇಲಿನ ಎರಡು ಎಲೆಯ ಕೆಂಪು ಬಣ್ಣ ಮಾಸಿತು, ಕೆಳಗಿನ ಎಲೆಗಳು ಹಾಗೇ ಚೆನ್ನಾಗಿದ್ವು. ತುದಿ ಚಿವುಟಿದ ಮೇಲೆ ಪಕ್ಕದ ಚಿಗುರು ಸರಿಯಾದ ಬಣ್ಣದಲ್ಲೇ ಬಂತು. ದೂರ ಅಂದ್ರೆ ಯಾವಾಗ್ಲೂ ಗಿಡದ ತುದಿಯಿಂದ ಲೆಕ್ಕ, ಆ ತುದಿ ಸುಮ್ನೆ ಇರಲ್ಲ.

ಹೊಸದಾಗಿ ಮಬ್ಬು ಬೆಳಕಿಂದ ತಂದ ಗಿಡನ ನೇರ 20ಕ್ಕೆ ಇಡ್ಬೇಡಿ, 40ರಿಂದ ಶುರು ಮಾಡಿ ವಾರಕ್ಕೊಮ್ಮೆ ಒಂದಿಷ್ಟು ಹತ್ರ ತನ್ನಿ.

ನೀರಿನ ಅಭ್ಯಾಸಾನೂ ಇದರ ಜೊತೆಗೇ ಬದಲಾಗ್ಬೇಕು. ಅದೇ ರ್ಯಾಕಲ್ಲಿ 20ರಲ್ಲಿರೋ ಪಾಟು ಬೇಗ ಒಣಗತ್ತೆ, ತುದೀಲಿರೋ ಮನಿ ಪ್ಲಾಂಟಿನ ಮಣ್ಣು ಬಹಳ ದಿನ ಒದ್ದೆ ಇರತ್ತೆ, ಎರಡಕ್ಕೂ ಒಂದೇ ದಿನ ನೀರು ಹಾಕಿದ್ರೆ ಕಮ್ಮಿ ಬೆಳಕಿನ ಗಿಡದ ಬೇರು ಕೊಳೆಯತ್ತೆ. ಬೆರಳು ಒಂದು ಗೆಣ್ಣಿನಷ್ಟು ಮಣ್ಣಿಗೆ ತೂರಿಸಿ ನೋಡಿ ಒಣಗಿದ್ರೆ ಮಾತ್ರ ಹಾಕ್ತೀನಿ, ಒಂದೊಂದು ಪಾಟಿಗೂ ಬೇರೆ ಬೇರೆಯಾಗಿ.