ಬಾರದ ಓವರ್‌ಲಾಕ್ ಯಂತ್ರದ ಹಣ ಮರಳಿ ಪಡೆದ ಬಗೆ

ಕಲಬುರಗಿಯ ಶಹಾಬಜಾರಿನಲ್ಲಿರುವ ನನ್ನ ಹೊಲಿಗೆ ಅಂಗಡಿಗೆಂದು ಮಾರ್ಚ್ 4ರಂದು ಒಂದು ಜಾಲತಾಣದಲ್ಲಿ ಓವರ್‌ಲಾಕ್ ಯಂತ್ರಕ್ಕೆ 18,500 ರೂಪಾಯಿಯನ್ನು ಕ್ರೆಡಿಟ್ ಕಾರ್ಡಿನಿಂದ ಕಟ್ಟಿದೆ. ಮಾರ್ಚ್ 14ರೊಳಗೆ ತಲುಪಿಸುವುದಾಗಿ ವಾಟ್ಸ್‌ಆ್ಯಪ್‌ನಲ್ಲಿ ಬರೆದುಕೊಟ್ಟಿದ್ದ ಮಾರಾಟಗಾರ 20ರ ನಂತರ ಉತ್ತರಿಸಲಿಲ್ಲ; 22ರಂದು ಜಾಲತಾಣವೂ ತೆರೆಯಲಿಲ್ಲ.

ಕಾರ್ಡ್ ಕೊಟ್ಟ ಬ್ಯಾಂಕಿಗೆ ಸಲ್ಲಿಸುವ ತಕರಾರು ಅರ್ಜಿಯಲ್ಲಿ ನಾನು ಮೊದಲು ‘ವಂಚನೆ’ ಎಂದು ಬರೆದಿದ್ದೆ. ಶಾಖೆಯ ಅಧಿಕಾರಿ ಅದನ್ನು ನೋಡಿ, “ಓಟಿಪಿ ನೀವೇ ಹಾಕೀರಿ ಅಂದ ಮ್ಯಾಲೆ ಇದು ವಂಚನಾ ಅಂತ ನಿಲ್ಲೂದಿಲ್ರೀ ಮೇಡಂ, ಸಾಮಾನು ಬಂದಿಲ್ಲ ಅಂತ ಬರೀರಿ” ಎಂದರು. ಆ ಒಂದು ಮಾತಿನಿಂದ ನಾನು ಸಾಬೀತುಪಡಿಸಬೇಕಾದದ್ದೇ ಬದಲಾಯಿತು: ಇಂತಹ ವಸ್ತುವನ್ನು ಇಂತಹ ದಿನದೊಳಗೆ ಕೊಡುತ್ತೇನೆಂದು ಒಪ್ಪಿದ್ದರು, ಕೊಡಲಿಲ್ಲ, ನಾನು ಕೇಳಿದರೂ ಪರಿಹರಿಸಲಿಲ್ಲ. ಇಂತಹ ತಕರಾರಿಗೆ ಸಾಮಾನ್ಯವಾಗಿ ತಲುಪಬೇಕಿದ್ದ ದಿನದಿಂದ 120 ದಿನಗಳ ಅವಕಾಶವಿದ್ದರೂ ಮಾರಾಟಗಾರನ ಸಬೂಬು ಕೇಳುತ್ತ ಅದನ್ನು ಕಳೆಯಬಾರದು.

ಪುಣ್ಯಕ್ಕೆ, ಹಣ ಕಟ್ಟಿದ ದಿನವೇ ಆರ್ಡರ್ ಪುಟವನ್ನು ಜಾಲತಾಣದ ವಿಳಾಸ ಕಾಣುವಂತೆ ಪಿಡಿಎಫ್ ಮಾಡಿಟ್ಟಿದ್ದೆ. ಚಾಟಿನಲ್ಲಿ ಮಾರಾಟಗಾರ ಏಳು ದಿನಕ್ಕೆ ಸಂದೇಶಗಳು ತಾವೇ ಅಳಿಯುವ ವ್ಯವಸ್ಥೆ ಹಾಕಿದ್ದನ್ನು ಗಮನಿಸಿ, ಕೂಡಲೇ ಪೂರ್ಣ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನನ್ನದೇ ಇಮೇಲಿಗೆ ಕಳಿಸಿಕೊಂಡೆ. ಆದರೆ ಆ ಕಡತ ಯಾರು ಬೇಕಾದರೂ ತಿದ್ದಬಹುದಾದ ಬರೀ ಪಠ್ಯವಾದ್ದರಿಂದ ಸ್ಕ್ರೀನ್‌ಶಾಟ್‌ಗಳೂ ಬೇಕಾದವು. ಅವುಗಳಲ್ಲಿ ನಾನು ಉಳಿಸಿಕೊಂಡಿದ್ದ ‘ಮಷಿನ್ ಅಣ್ಣ’ ಎಂಬ ಹೆಸರಿನ ಬದಲು ದೂರವಾಣಿ ಸಂಖ್ಯೆಯೇ ಕಾಣಲೆಂದು ಆ ಹೆಸರನ್ನು ಅಳಿಸಿ, ದಿನಾಂಕದ ಪಟ್ಟಿ ಕತ್ತರಿಸದೆ ಮತ್ತೆ ತೆಗೆದೆ. ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಒಂಬತ್ತನ್ನು ಮಾತ್ರ ಆರಿಸಿ, ದಿನಾಂಕದ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ, ಪ್ರತಿಯೊಂದರ ಕೆಳಗೆ ಅದು ಏನನ್ನು ತೋರಿಸುತ್ತದೆ ಎಂದು ಒಂದು ಸಾಲು ಬರೆದೆ.

ಬ್ಯಾಂಕು ತಾತ್ಕಾಲಿಕವಾಗಿ ಹಣ ಜಮಾ ಮಾಡಿತು; ನಾನು ಅದನ್ನು ಖರ್ಚು ಮಾಡಲಿಲ್ಲ. ಏಪ್ರಿಲ್ ಕೊನೆಯಲ್ಲಿ, ಮಾಯವಾಗಿದ್ದ ಮಾರಾಟಗಾರನ ಕಡೆಯಿಂದಲೇ ಉತ್ತರ ಬಂತು: ಕೊರಿಯರ್ ದಾಖಲೆಯ ಪ್ರಕಾರ ಸಾಮಾನು ‘ತಲುಪಿದೆ’. ಮಾರ್ಚ್ 16ರಂದು ಆತ ಕೊಟ್ಟಿದ್ದ ಟ್ರ್ಯಾಕಿಂಗ್ ಸಂಖ್ಯೆಯ ಪುಟವನ್ನು ಅಂದೇ ಚಿತ್ರ ತೆಗೆದಿಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂತು. ನನ್ನ ಆರ್ಡರಿನಲ್ಲಿದ್ದ ಪಿನ್ 585101, ಪೊಟ್ಟಣ ಮುಟ್ಟಿದ್ದು ಬೇರೆ ರಾಜ್ಯದ ಪಿನ್‌ಗೆ. ಅದರ ತೂಕ 200 ಗ್ರಾಂ. ಮೋಟಾರು ಸಮೇತ ಓವರ್‌ಲಾಕ್ ಯಂತ್ರವನ್ನು ಎತ್ತಿದವರಿಗೆ ಈ ತೂಕ ನಗು ತರಿಸುತ್ತದೆ. ಜಾಲತಾಣದ ವಿವರಣೆಯಲ್ಲೇ 26 ಕಿಲೋ ಎಂದಿದ್ದ ಪುಟವನ್ನು ಅದರ ಜೊತೆಗಿಟ್ಟು, ಈ ಸಂಖ್ಯೆಯ ಪೊಟ್ಟಣ ನನ್ನ ವಿಳಾಸಕ್ಕೆ ಕೊಟ್ಟಿಲ್ಲವೆಂದು ನಮ್ಮ ಊರಿನ ಕೊರಿಯರ್ ಕಚೇರಿಯಿಂದ ಪತ್ರ ಬರೆಸಿಕೊಂಡು, ಬ್ಯಾಂಕು ಹೇಳಿದ ಗಡುವಿನೊಳಗೆ ಒಪ್ಪಿಸಿದೆ.

ಜೂನಿನಲ್ಲಿ ಜಮೆ ಕಾಯಂ ಆಯಿತು. ಸಾಗಣೆಗೆಂದು ಪ್ರತ್ಯೇಕವಾಗಿ ಯುಪಿಐ ಮೂಲಕ ಕಳಿಸಿದ್ದ 1,200 ರೂಪಾಯಿ ಕಾರ್ಡಿನ ತಕರಾರಿಗೆ ಒಳಪಡಲಿಲ್ಲ. ಅದಕ್ಕಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಕೊಟ್ಟ ದೂರು ಇನ್ನೂ ಹಾಗೆಯೇ ಇದೆ.